ಅಪ್ಪ ಕಟ್ಟಿಹಾಕಿದ ರಿಲೇ

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಸಂಜೆ. ಧಾರವಾಡದಿಂದ ಊರಿಗೆ ಹೊರಟಿದ್ದೆ. ಬಸ್ಸು ತೇಗೂರು ದಾಟುವ ಹೊತ್ತಿಗೆ ಕಿಟಕಿಯಾಚೆ ಗಾಳಿ ಎದ್ದಿತ್ತು, ಧೂಳಿನಲ್ಲಿ ರಸ್ತೆಯೇ ಕಾಣುತ್ತಿರಲಿಲ್ಲ. ಆಗ ನನ್ನ ಫೋನು ಟಿಣ್ ಅಂದಿತು. "ತ್ರೀ ಫೇಸ್ ಬಂದಿದೆ." ನನಗೆ ಖುಷಿಯಾಯಿತು. ನಾನೇ ಮಾಡಿಟ್ಟು ಬಂದಿದ್ದ ಯಂತ್ರ ಊರಿಂದ ಮಾತಾಡುತ್ತಿತ್ತು. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಟಿಣ್. "ತ್ರೀ ಫೇಸ್ ಹೋಗಿದೆ." ಮತ್ತೆ ಬಂದಿದೆ, ಮತ್ತೆ ಹೋಗಿದೆ. ಕಿತ್ತೂರಿನಲ್ಲಿ ಇಳಿದು ಬೈಲಹೊಂಗಲದ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿಯೇ ಬಿಟ್ಟಳು: "ಯಾರವ್ವಾ ಅದು, ಇಷ್ಟ್ ಕಾಡಾಕತ್ತಾರ ನಿನ್ನ?"

ನಲವತ್ತು ನಿಮಿಷದಲ್ಲಿ 214 ಸಂದೇಶ ಬಂದಿದ್ದವು. ಮನೆ ಮುಟ್ಟಿದ ಮೇಲೆ ಅಪ್ಪನ ಫೋನು ನೋಡಿದೆ. ಅದರಲ್ಲಿಯೂ 214 ಇದ್ದವು. ಆದರೆ ಅದು ಸುಮ್ಮನಿತ್ತು. ಅಪ್ಪ ಅದರ ಬಾಯಿ ಮುಚ್ಚಿಸಿದ್ದ.

ಯಂತ್ರ ಏನೆಂದು ಮೊದಲು ಹೇಳಬೇಕು. ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಊರಂಚಿನ ಮನೆ, ಹಿತ್ತಲು ದಾಟಿದರೆ ಹೊಲ, ಐವತ್ತು ಹೆಜ್ಜೆಗೆ ಬಾವಿ. ಬಾವಿಯ ಮೇಲೆ ಐದು ಎಚ್.ಪಿ. ಮೋಟಾರು. ಎರಡೂವರೆ ಎಕರೆ ಕಬ್ಬು ಆ ಮೋಟಾರಿನ ಮೇಲೆ ನಿಂತಿದೆ. ಮನೆಗೆ ಕರೆಂಟು ಊರಿನ ಲೈನಿನಿಂದ ಬರುತ್ತದೆ, ಅದು ಬಹುಮಟ್ಟಿಗೆ ಇರುತ್ತದೆ. ಮೋಟಾರಿನದು ಬೇರೆ ಲೈನು. ಅದಕ್ಕೆ ತ್ರೀ ಫೇಸ್ ಬೇಕು, ಅದು ದಿನಕ್ಕೆ ಕೆಲವೇ ತಾಸು ಬರುತ್ತದೆ. ಒಂದು ವಾರ ಹಗಲಿನ ಪಾಳಿ, ಒಂದು ವಾರ ರಾತ್ರಿಯ ಪಾಳಿ. ರಾತ್ರಿ ಪಾಳಿಯ ವಾರ ಅಪ್ಪ ತಾಸಿಗೊಮ್ಮೆ ಎದ್ದು ಬ್ಯಾಟರಿ ಹಿಡಿದು ಹೋಗಿ ಸ್ಟಾರ್ಟರ್ ಡಬ್ಬಿಯ ಮೇಲಿನ ಮೂರು ಬಲ್ಬು ನೋಡಿ ಬರುತ್ತಿದ್ದ. ಮೂರೂ ಒಂದೇ ಸಮ ಉರಿದರೆ ತ್ರೀ ಫೇಸ್ ಬಂದಿದೆ ಎಂದರ್ಥ.

ಮೊಬೈಲಿನಿಂದಲೇ ಮೋಟಾರು ಚಾಲೂ ಮಾಡುವ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ. ಅಪ್ಪನಿಗೆ ಅದು ಬೇಡ. "ಪೈಪ್ ಕಿತ್ತೈತೋ, ಫುಟ್‌ವಾಲ್ವ್‌ನಾಗ ನೀರ್ ಐತೋ, ಯಾವ ಸಾಲಿಗೆ ನೀರ್ ಹೊಂಟೈತೋ, ಕಣ್ಣೀಲೆ ನೋಡದ ನಾ ಮೋಟಾರ್ ಹಚ್ಚಂಗಿಲ್ಲ" ಎನ್ನುತ್ತಾನೆ. ಅವನಿಗೆ ಬೇಕಾದದ್ದು ಒಂದು ಮಾತು ಮಾತ್ರ. ಬಂತು ಎಂಬ ಮಾತು. ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಸಂಶೋಧನೆ ಮಾಡುತ್ತೇನೆ. ಒಂದು ಮಾತು ಕಳಿಸುವುದು ಎಷ್ಟರ ಕೆಲಸ ಅಂದುಕೊಂಡೆ.

ಕೆಲಸ ನಿಜವಾಗಿಯೂ ಸಣ್ಣದು. ಇಎಸ್‌ಪಿ32 ಎಂಬ ಬೆರಳುದ್ದದ ಮೈಕ್ರೊಕಂಟ್ರೋಲರ್ ಬೋರ್ಡು, ವೈಫೈ ಅದರಲ್ಲೇ ಇರುತ್ತದೆ. ಮನೆಯ ರೌಟರಿನ ಸಿಗ್ನಲ್ಲು ಬಾವಿಯ ಶೆಡ್ಡಿನವರೆಗೆ ಕುಂಟುತ್ತ ಬರುತ್ತದೆ. ಮೂರು ಫೇಸಿಗೆ ಮೂರು ಆಪ್ಟೋಕಪ್ಲರ್ ಬೋರ್ಡು. ಅವು ಹೈವೋಲ್ಟೇಜು ಇದೆಯೋ ಇಲ್ಲವೋ ಎಂಬ ಸುಳಿವನ್ನು ಮಾತ್ರ ಬೆಳಕಿನ ಮೂಲಕ ಆಚೆ ದಾಟಿಸುತ್ತವೆ, ಹೀಗಾಗಿ ಮೋಟಾರಿನ ತಂತಿಗೂ ನನ್ನ ಬೋರ್ಡಿಗೂ ಸಂಪರ್ಕ ಇರುವುದಿಲ್ಲ. ಆ ತಂತಿ ಜೋಡಿಸಿದ್ದು ನಾನಲ್ಲ, ಊರಿನ ಲೈಸೆನ್ಸ್ ಇದ್ದ ಎಲೆಕ್ಟ್ರಿಶಿಯನ್.

ಮೋಟಾರಿಗೆ ಹೋಗುವ ಮೂರು ತಂತಿಗಳ ಸುತ್ತ ಒಂದೊಂದು ಕರೆಂಟ್ ಕ್ಲಾಂಪ್ ಕೂಡ ಕಚ್ಚಿಸಿದ್ದೆ. ಅದಕ್ಕೆ ಕಾರಣ ಇದೆ. ಮೋಟಾರು ತಿರುಗುತ್ತಿರುವಾಗ ಮೂರರಲ್ಲಿ ಒಂದು ಫೇಸು ಹೋದರೆ ಆ ಸತ್ತ ತಂತಿಯ ಮೇಲೆ ಮೋಟಾರೇ ವೋಲ್ಟೇಜು ಹುಟ್ಟಿಸುತ್ತದೆ. ವೋಲ್ಟೇಜು ನೋಡುವವನಿಗೆ ಮೂರೂ ಫೇಸು ಇದ್ದಂತೆಯೇ ಕಾಣುತ್ತವೆ. ಬಲ್ಬು ಕೂಡ ಉರಿಯುತ್ತಲೇ ಇರಬಹುದು. ಆದರೆ ಆ ತಂತಿಯಲ್ಲಿ ಹರಿಯುವ ಕರೆಂಟು ಬಿದ್ದುಹೋಗಿ, ಉಳಿದೆರಡರಲ್ಲಿ ಏರಿರುತ್ತದೆ. ಅದನ್ನು ಹಿಡಿಯಬಲ್ಲದ್ದು ಕ್ಲಾಂಪ್ ಮಾತ್ರ.

ಮಾತು ಮುಟ್ಟಿಸಲು ಟೆಲಿಗ್ರಾಮ್ ಆರಿಸಿಕೊಂಡೆ. ಅಪ್ಪ ಬಳಸುವುದು ವಾಟ್ಸಾಪ್, ಆದರೆ ಟೆಲಿಗ್ರಾಮ್‌ನಲ್ಲಿ ಬಾಟ್ ಮಾಡುವುದು ಐದು ನಿಮಿಷದ ಕೆಲಸ, ದುಡ್ಡೂ ಇಲ್ಲ. ಅಲ್ಲಿ BotFather ಎಂಬ ಬಾಟ್ ಇದೆ. ಅದಕ್ಕೆ /newbot ಎಂದು ಬರೆದರೆ ಹೆಸರು ಕೇಳಿ, ಒಂದು ಉದ್ದನೆಯ ಟೋಕನ್ ಕೊಡುತ್ತದೆ. ಆ ಟೋಕನ್ ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಬಾಟ್ ಆಗಿ ಮಾತಾಡಬಹುದು, ಆದ್ದರಿಂದ ಅದನ್ನು ಬೀಗದ ಕೈಯಂತೆ ಕಾಯಬೇಕು. ಇನ್ನೊಂದು ವಿಷಯ: ಬಾಟ್ ತಾನಾಗಿ ಯಾರೊಂದಿಗೂ ಮಾತು ಶುರು ಮಾಡುವಂತಿಲ್ಲ. ಅಪ್ಪನ ಫೋನಿನಲ್ಲಿ ಅದನ್ನು ಹುಡುಕಿ ಒಮ್ಮೆ Start ಒತ್ತಿದ ಮೇಲೆಯೇ ಅದು ಅವನಿಗೆ ಬರೆಯಬಲ್ಲದು. ಆಮೇಲೆ getUpdates ಎಂದು ಕೇಳಿದರೆ ಆ ಚಾಟಿನ ನಂಬರು ಸಿಗುತ್ತದೆ. ಇಷ್ಟಾದರೆ ಬೋರ್ಡು ಈ ವಿಳಾಸಕ್ಕೆ ಚಾಟಿನ ನಂಬರನ್ನೂ ಸಂದೇಶವನ್ನೂ ಕಳಿಸಿದರಾಯಿತು:

```
https://api.telegram.org/bot<TOKEN>/sendMessage
```

ಅಪ್ಪ, ತಮ್ಮ ಮತ್ತು ನಾನು ಮೂವರೂ ಇರುವ ಒಂದು ಗ್ರೂಪು ಮಾಡಿ ಬಾಟನ್ನು ಅದಕ್ಕೆ ಸೇರಿಸಿದೆ. ಮೊದಲ ಎಂಟು ದಿನ ಅಪ್ಪ ಊರವರಿಗೆಲ್ಲ ಫೋನು ತೋರಿಸಿದ. ರಾತ್ರಿ ಎದ್ದು ಹೋಗುವುದು ನಿಂತಿತು. ಒಂಬತ್ತನೆಯ ದಿನ ಆ ಗಾಳಿ ಬಂತು.

ಗಾಳಿಗೆ ಕಂಬದ ಮೇಲಿನ ಒಂದು ಜಂಪರ್ ತಂತಿ ಸಡಿಲಾಗಿ, ತಾಕುತ್ತ ಬಿಡುತ್ತ ಇತ್ತು. ಫೇಸು ಬರುತ್ತಿತ್ತು, ಹೋಗುತ್ತಿತ್ತು. ನನ್ನ ಪ್ರೋಗ್ರಾಮಿನಲ್ಲಿ ಇದ್ದ ನಿಯಮ ಒಂದೇ: ಸ್ಥಿತಿ ಬದಲಾದರೆ ಹೇಳು. ಸ್ಥಿತಿ ನಿಜವಾಗಿಯೂ ಬದಲಾಗುತ್ತಿತ್ತು. ಅಂದರೆ ಆ 214 ಸಂದೇಶಗಳಲ್ಲಿ ಒಂದೂ ಸುಳ್ಳಲ್ಲ. ಒಂದೂ ಉಪಯೋಗದ್ದೂ ಅಲ್ಲ.

ಟೆಲಿಗ್ರಾಮ್ ಯಾಕೆ ಇದನ್ನು ತಡೆಯಲಿಲ್ಲ ಎಂದು ಮೊದಲು ಸಿಟ್ಟು ಬಂತು. ಅದಕ್ಕೆ ತನ್ನದೇ ಮಿತಿಗಳಿವೆ. ಒಂದು ಚಾಟಿಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಂದೇಶ ಕಳಿಸಬೇಡಿ, ಒಂದು ಗ್ರೂಪಿಗೆ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ಬಾಟ್ ಮಾಡುವವರಿಗೆ ಹೇಳಿಟ್ಟಿದೆ. ಮೀರಿದರೆ 429 ಎಂಬ ಉತ್ತರ ಬರುತ್ತದೆ. ನಾನು ಲೆಕ್ಕ ಹಾಕಿದೆ. ನಲವತ್ತು ನಿಮಿಷಕ್ಕೆ 214 ಎಂದರೆ ಹನ್ನೊಂದು ಸೆಕೆಂಡಿಗೆ ಒಂದು, ನಿಮಿಷಕ್ಕೆ ಐದಾರು. ಟೆಲಿಗ್ರಾಮಿನ ಮಿತಿಯ ಮೂರನೆಯ ಒಂದು ಪಾಲೂ ಇಲ್ಲ. ಅಷ್ಟಕ್ಕಾದರೂ ನಿಂತದ್ದು ನನ್ನ ಬುದ್ಧಿಯಿಂದಲ್ಲ. ಕುಂಟುವ ವೈಫೈನಲ್ಲಿ ಒಂದೊಂದು ಸಂದೇಶಕ್ಕೂ ಹೊಸದಾಗಿ ಸುರಕ್ಷಿತ ಸಂಪರ್ಕ ಕಟ್ಟಿಕೊಳ್ಳಲು ಬೋರ್ಡಿಗೆ ಅಷ್ಟು ಹೊತ್ತು ಹಿಡಿಯುತ್ತಿತ್ತು, ಅದಕ್ಕಿಂತ ಬೇಗ ಕಳಿಸಲು ಅದಕ್ಕೆ ಆಗುತ್ತಿರಲಿಲ್ಲ, ಅಷ್ಟೆ. ಟೆಲಿಗ್ರಾಮಿನ ಮಿತಿ ಇರುವುದು ಅದರ ಸರ್ವರುಗಳನ್ನು ಕಾಯಲು. ಅಪ್ಪನ ನಿದ್ದೆಯನ್ನು ಕಾಯುವ ಮಿತಿ ಯಾರೂ ಹಾಕಿರಲಿಲ್ಲ. ಅದನ್ನು ಹಾಕಬೇಕಾದವಳು ನಾನು.

ಮರುದಿನ ಜಂಪರ್ ಸರಿಯಾಯಿತು. ಪ್ರೋಗ್ರಾಮು ತಿದ್ದುವುದನ್ನು ಮುಂದಿನ ಸಲ ಬಂದಾಗ ಎಂದು ಬಿಟ್ಟು, ಎರಡು ದಿನ ಇದ್ದು ಧಾರವಾಡಕ್ಕೆ ಮರಳಿದೆ. ನನ್ನ ಪ್ರಬಂಧದ ಒಂದು ಅಧ್ಯಾಯ ಕೊಡುವುದಿತ್ತು.

ಒಂಬತ್ತು ದಿನದ ನಂತರ, ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ಬಾಟ್ ಗ್ರೂಪಿಗೆ ಬರೆಯಿತು: "ಮೋಟಾರು ಚಾಲೂ ಇದೆ, ಒಂದು ಫೇಸು ಇಲ್ಲ." ಹಾಸ್ಟೆಲಿನಲ್ಲಿ ನಾನು ಮಲಗಿದ್ದೆ. ತಮ್ಮ ಸವದತ್ತಿಯಲ್ಲಿ ಕೆಲಸಕ್ಕಿದ್ದಾನೆ, ಅವನೂ ಮಲಗಿದ್ದ. ನಾವಿಬ್ಬರೂ ಆ 214ರ ರಾತ್ರಿಯೇ ಗ್ರೂಪಿನ ಸದ್ದು ಅಡಗಿಸಿದ್ದೆವು. ಅಪ್ಪ ಒಂದೂವರೆಗೆ ಪಕ್ಕದ ಹೊಲದವರು ಕೂಗಿದ್ದು ಕೇಳಿ ಎದ್ದು, ಮೋಟಾರು ಹಚ್ಚಿ, ನೀರು ಸಾಲಿಗೆ ಹೊರಳಿಸಿ, ಬಂದು ಹೊರಸಿನ ಮೇಲೆ ಅಡ್ಡಾಗಿದ್ದ. ಫೋನು ಅವನ ತಲೆದಿಂಬಿನ ಕೆಳಗೇ ಇತ್ತು. ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಫ್ಯೂಸು ಹೋಗಿತ್ತು. ಎರಡು ಫೇಸಿನ ಮೇಲೆ ಮೋಟಾರು ನರಳುತ್ತ ತಿರುಗಿತು, ಕಾಯಿತು, ವೈಂಡಿಂಗ್ ಸುಟ್ಟಿತು. ಅವ್ವನಿಗೆ ಸುಟ್ಟ ವಾರ್ನಿಷಿನ ವಾಸನೆ ಬಂದು ಎಚ್ಚರವಾಯಿತಂತೆ.

ಅಪ್ಪ ಬಯ್ಯಲಿಲ್ಲ. ಫೋನಿನಲ್ಲಿ ಇಷ್ಟೇ ಹೇಳಿದ: "ಅದು ಹೇಳಿತ್ತು ಯವ್ವಾ. ನಾ ಕೇಳಲಿಲ್ಲ." ಬಯ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮೋಟಾರನ್ನು ಬೈಲಹೊಂಗಲದ ರಿವೈಂಡಿಂಗ್ ಅಂಗಡಿಗೆ ಹಾಕಿದಾಗ ನಾನೂ ಹೋಗಿದ್ದೆ. ಬಿಚ್ಚಿಟ್ಟ ಸ್ಟೇಟರಿನಲ್ಲಿ ಸುರುಳಿಗಳು ಒಂದು ಸಾಲು ಕಪ್ಪು, ಒಂದು ಸಾಲು ಹೊಚ್ಚ ಹೊಸದು, ಹೀಗೆ ಪಟ್ಟೆಪಟ್ಟೆಯಾಗಿ ಕಾಣುತ್ತಿದ್ದವು. ರಿವೈಂಡಿಂಗ್ ಮಾಡುವವರು ನೋಡಿದ ಕೂಡಲೇ ಹೇಳಿದರು: "ಇದು ಸಿಂಗಲ್ ಫೇಸಿಂಗ್‌ರೀ. ಓವರ್‌ಲೋಡ್ ಆಗಿದ್ರ ಎಲ್ಲಾ ಒಂದ ಸಮ ಸುಡತಿತ್ತು." ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು: "ರಿಲೇ ಯಾಕ ಬೀಳಲಿಲ್ಲ?"

ಅಪ್ಪ ನೆಲ ನೋಡಿದ. "ಡೈರೆಕ್ಟ್ ಮಾಡಿಸಿದ್ದೆ" ಅಂದ.

ಸ್ಟಾರ್ಟರ್ ಡಬ್ಬಿಯೊಳಗೆ ಓವರ್‌ಲೋಡ್ ರಿಲೇ ಇರುತ್ತದೆ. ಮೋಟಾರು ತನ್ನ ಶಕ್ತಿಗೆ ಮೀರಿ ಕರೆಂಟು ಎಳೆದರೆ ಅದರೊಳಗಿನ ಪಟ್ಟಿ ಕಾದು ಬಾಗಿ ಮೋಟಾರನ್ನು ನಿಲ್ಲಿಸುತ್ತದೆ. ಒಂದು ಫೇಸು ಹೋದಾಗ ಉಳಿದೆರಡರಲ್ಲಿ ಕರೆಂಟು ಏರುವುದರಿಂದ ಆಗಲೂ ಅದು ಬೀಳಲೇಬೇಕು. ನಮ್ಮ ಮೋಟಾರನ್ನು ಉಳಿಸಬೇಕಾಗಿದ್ದದ್ದು ನನ್ನ ಬಾಟ್ ಅಲ್ಲ, ಆ ರಿಲೇ. ಆದರೆ ಅದು ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ರಾತ್ರಿಗೆ ನಾಲ್ಕು ಸಲ ಬೀಳುತ್ತಿತ್ತಂತೆ. ಬಿದ್ದಾಗಲೆಲ್ಲ ಅಪ್ಪ ಎದ್ದು ಹೋಗಿ ಕೆಂಪು ಗುಂಡಿ ಒತ್ತಿ ಬರಬೇಕು. ಮೋಟಾರಿಗೆ ಏನೂ ಆಗಿರುತ್ತಿರಲಿಲ್ಲ. ಕೊನೆಗೆ ಬೇಸತ್ತು ರಿಲೇಯ ಎರಡು ತುದಿಗೆ ಒಂದು ತುಂಡು ತಂತಿ ಸುತ್ತಿಸಿದ. ಆವತ್ತಿನಿಂದ ಅದು ಬಿದ್ದರೂ ಬೀಳದಂತೆ.

ಅಂಗಡಿಯ ಮುಂದೆ ನಿಂತೇ ನನಗೆ ಹೊಳೆದದ್ದು ಇದು. ಅಪ್ಪ ರಿಲೇ ಕಟ್ಟಿಹಾಕಿದ್ದೂ, ಫೋನಿನ ಸದ್ದು ಅಡಗಿಸಿದ್ದೂ ಒಂದೇ ಕೆಲಸ. ನಾನು ಕೂಡ ಅದನ್ನೇ ಮಾಡಿದ್ದೆ, ಓದಿದವಳಾಗಿಯೂ. ಸುಮ್ಮಸುಮ್ಮನೆ ಕೂಗುವ ಕಾವಲುಗಾರನ ಬಾಯಿಯನ್ನು ಮನುಷ್ಯ ಕಟ್ಟಿಯೇ ಕಟ್ಟುತ್ತಾನೆ. ಆಮೇಲೆ ಕಳ್ಳ ಬಂದಾಗ ಕಾವಲುಗಾರನನ್ನು ದೂರುವಂತಿಲ್ಲ.

ಪ್ರೋಗ್ರಾಮನ್ನು ಮೊದಲಿಂದ ಬರೆದೆ. ಮೊದಲು ಹಾಕಿದ್ದು ಕಾಯುವ ನಿಯಮ. ಫೇಸು ಬಂದು ಮೂವತ್ತು ಸೆಕೆಂಡು ಅಲುಗದೆ ನಿಂತರೆ ಮಾತ್ರ ಬಂದಿದೆ ಎಂದು ಲೆಕ್ಕ. ಹೋದದ್ದಕ್ಕೂ ಹಾಗೆಯೇ. ರಾತ್ರಿ ಪಾಳಿಗೆ ಮೂವತ್ತು ಸೆಕೆಂಡು ತಡವಾದರೆ ಕಬ್ಬು ಒಣಗುವುದಿಲ್ಲ. ಆದರೆ ಇಷ್ಟೇ ಮಾಡಿದರೆ ಆ ಗಾಳಿಯ ಸಂಜೆ ಬಾಟ್ ಒಂದು ಮಾತೂ ಆಡುತ್ತಿರಲಿಲ್ಲ, ಯಾಕೆಂದರೆ ಫೇಸು ಮೂವತ್ತು ಸೆಕೆಂಡು ನಿಂತೇ ಇರಲಿಲ್ಲ. ಅದೂ ತಪ್ಪು. ಕರೆಂಟು ನಿಲ್ಲುತ್ತಿಲ್ಲ ಎಂಬುದು ಅಪ್ಪನಿಗೆ ಬೇಕಾದ ಸುದ್ದಿಯೇ, ಆಗ ಮೋಟಾರು ಹಚ್ಚಬಾರದು. ಹಾಗಾಗಿ ಬಂದಿದೆ, ಹೋಗಿದೆ ಎಂಬ ಎರಡು ಸ್ಥಿತಿಗಳ ಜೊತೆ ಮೂರನೆಯದು ಸೇರಿಸಿದೆ. ಐದು ನಿಮಿಷ ಸತತ ಅಲುಗಾಡಿದರೆ ಒಂದೇ ಸಂದೇಶ: "ಕರೆಂಟು ಬಂದು ಬಂದು ಹೋಗುತ್ತಿದೆ, ಮೋಟಾರು ಹಚ್ಚಬೇಡ."

ಇದರ ಮೇಲೆ ಮಿತಿ. ಊಹಿಸದ ರೀತಿಯಲ್ಲಿ ಏನೇ ಕೆಟ್ಟರೂ ಸಂದೇಶಗಳ ಸಂಖ್ಯೆ ಒಂದು ಗಡಿ ದಾಟಬಾರದು. ಇದಕ್ಕೆ ಹಳೆಯ, ಸರಳವಾದ ಒಂದು ಉಪಾಯ ಇದೆ. ಒಂದು ಡಬ್ಬಿಯಲ್ಲಿ ನಾಲ್ಕು ಬಿಲ್ಲೆ ಇವೆ ಎಂದುಕೊಳ್ಳಿ. ಒಂದು ಸಂದೇಶಕ್ಕೆ ಒಂದು ಬಿಲ್ಲೆ ಖರ್ಚು. ಹತ್ತು ನಿಮಿಷಕ್ಕೊಮ್ಮೆ ಯಾರೋ ಒಂದು ಬಿಲ್ಲೆ ಹಾಕುತ್ತಾರೆ, ಆದರೆ ಡಬ್ಬಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಬಿಲ್ಲೆ ಇಲ್ಲದಿದ್ದರೆ ಮಾತಿಲ್ಲ.

```cpp
const uint32_t REFILL = 600000UL;
const int CAP = 4;
int tokens = CAP;
uint32_t last = 0;

bool allow() {
  uint32_t n = (millis() - last) / REFILL;
  if (n > 0) {
    tokens = min(CAP, tokens + (int)n);
    last += n * REFILL;
  }
  if (tokens == 0) return false;
  tokens--;
  return true;
}
```

ಇಲ್ಲಿ 600000 ಎಂದರೆ ಹತ್ತು ನಿಮಿಷದ ಮಿಲಿಸೆಕೆಂಡು. ಆ ಗಾಳಿಯ ಸಂಜೆಯನ್ನು ಇದರೊಳಗೆ ಹಾಯಿಸಿ ನೋಡಿದೆ. ಕಾಯುವ ನಿಯಮ ಇಲ್ಲವೇ ಇಲ್ಲ ಎಂದಿಟ್ಟುಕೊಂಡರೂ, ಮೊದಲ ನಿಮಿಷದಲ್ಲಿ ನಾಲ್ಕು ಬಿಲ್ಲೆ ಖರ್ಚಾಗುತ್ತವೆ. ಆಮೇಲೆ ಹತ್ತನೆಯ, ಇಪ್ಪತ್ತನೆಯ, ಮೂವತ್ತನೆಯ, ನಲವತ್ತನೆಯ ನಿಮಿಷಕ್ಕೆ ಒಂದೊಂದು. ಒಟ್ಟು ಎಂಟು. 214ರ ಜಾಗದಲ್ಲಿ ಎಂಟು ಸಂದೇಶಕ್ಕೆ ಯಾರೂ ಫೋನಿನ ಬಾಯಿ ಮುಚ್ಚುವುದಿಲ್ಲ.

ಆದರೆ ಇದರಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಮೇಜಿನ ಮೇಲೆ ಇಟ್ಟು ಪರೀಕ್ಷಿಸುವಾಗ ಸ್ವಿಚ್ಚನ್ನು ಐದಾರು ಸಲ ತೆಗೆದು ಹಾಕಿ, ಕೊನೆಗೆ ತೆಗೆದು ಬಿಟ್ಟೆ. ಬಿಲ್ಲೆ ಮುಗಿದಿದ್ದವು. ಫೋನಿನಲ್ಲಿ ಕೊನೆಗೆ ಉಳಿದ ಸಂದೇಶ "ಬಂದಿದೆ" ಎಂದಿತ್ತು. ನಿಜದಲ್ಲಿ ಹೋಗಿತ್ತು. ಬಿಲ್ಲೆ ಇಲ್ಲದ್ದಕ್ಕೆ ಕೊನೆಯ ಮಾತು ನುಂಗಿಹೋಗಿ, ಯಂತ್ರ ಸುಳ್ಳು ಹೇಳಿ ಸುಮ್ಮನಾಗಿತ್ತು. ಹೆಚ್ಚು ಮಾತಾಡುವ ಯಂತ್ರಕ್ಕಿಂತ ಇದು ಕೆಟ್ಟದ್ದು. 214 ಸಂದೇಶಗಳಲ್ಲಿ ಕೊನೆಯದಾದರೂ ನಿಜವಾಗಿತ್ತು.

ಅದಕ್ಕೆ ಹೀಗೆ ಬದಲಿಸಿದೆ. ಬಿಲ್ಲೆ ಇಲ್ಲದಾಗ ಸಂದೇಶವನ್ನು ಎಸೆಯುವುದಿಲ್ಲ, ಸಾಲಿನಲ್ಲಿ ನಿಲ್ಲಿಸುವುದೂ ಇಲ್ಲ. ಎಷ್ಟು ಸಲ ಬದಲಾಯಿತು ಎಂಬ ಎಣಿಕೆ ಮಾತ್ರ ಇಟ್ಟುಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದ ಕೂಡಲೇ, ಆಗಿನ ಸ್ಥಿತಿ ಕೊನೆಗೆ ಹೇಳಿದ ಸ್ಥಿತಿಗಿಂತ ಬೇರೆಯಿದ್ದರೆ ಒಂದೇ ಸಂದೇಶ: "ಈಗ ಇಲ್ಲ. ನಡುವೆ 37 ಸಲ ಬಂದು ಹೋಗಿದೆ." ಸಾಲು ನಿಲ್ಲಿಸದಿರಲು ಇನ್ನೊಂದು ಕಾರಣವೂ ಇದೆ. ರಾತ್ರಿ ಇಂಟರ್ನೆಟ್ ಎರಡು ತಾಸು ಹೋಯಿತು ಎನ್ನಿ. ಸಾಲಿನಲ್ಲಿ ನಿಂತ ಹಳೆಯ ಮಾತುಗಳೆಲ್ಲ ಅದು ಮರಳಿದಾಗ ಒಟ್ಟಿಗೆ ನುಗ್ಗುತ್ತವೆ, ಎರಡು ತಾಸು ಹಿಂದೆ ಬಂದ ಕರೆಂಟಿಗೆ ಅಪ್ಪ ಈಗ ಎದ್ದು ಓಡುತ್ತಾನೆ. ಅವನಿಗೆ ಬೇಕಾದದ್ದು ಈಗ ಏನಿದೆ ಎಂಬುದು ಮಾತ್ರ.

ಟೆಲಿಗ್ರಾಮಿನ 429ಕ್ಕೂ ಇದೇ ಜಾಗದಲ್ಲಿ ಉತ್ತರ ಬರೆದೆ. ಅದು ಬರಿ ಇಲ್ಲ ಎನ್ನುವುದಿಲ್ಲ, retry_after ಎಂದು ಎಷ್ಟು ಸೆಕೆಂಡು ಕಾಯಬೇಕೆಂದೂ ಹೇಳುತ್ತದೆ. ಅದನ್ನು ಓದದೆ, ಹೋಗಲಿಲ್ಲ ಎಂದು ತಕ್ಷಣ ಮತ್ತೆ ಮತ್ತೆ ಬಾಗಿಲು ಬಡಿಯುವ ಪ್ರೋಗ್ರಾಮುಗಳೇ ಹೆಚ್ಚು. ನನ್ನ ಮಿತಿಯೊಳಗೆ ಇದು ಬರುವ ಸಂಭವ ಕಡಿಮೆ. ಬಂದರೆ ಅಷ್ಟು ಹೊತ್ತು ಸುಮ್ಮನಿದ್ದು, ಆಗಿನ ಸ್ಥಿತಿಯನ್ನು ಕಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇತ್ತು. ಸುದ್ದಿಯನ್ನೂ ಅಪಾಯವನ್ನೂ ಒಂದೇ ಬಾಯಿಂದ ಹೇಳಿಸಿದ್ದೆ. ಫೋನಿನಲ್ಲಿ ಸದ್ದು ಅಡಗಿಸುವ ಗುಂಡಿ ಇಡೀ ಚಾಟಿಗೆ ಒಂದೇ. ಅಪ್ಪ ಸುದ್ದಿಯ ಬಾಯಿ ಮುಚ್ಚಲು ಹೋಗಿ ಅಪಾಯದ ಬಾಯಿಯನ್ನೂ ಮುಚ್ಚಿದ. ಈಗ ಬಾಟ್ ಒಂದೇ, ಚಾಟು ಎರಡು. ಕರೆಂಟು ಬಂತು ಎಂಬುದು ಗ್ರೂಪಿಗೆ. ಹೋಯಿತು ಎಂಬುದೂ ಗ್ರೂಪಿಗೇ, ಆದರೆ disable_notification ಎಂಬುದನ್ನು true ಮಾಡಿ ಕಳಿಸುತ್ತೇನೆ, ಅದು ಸದ್ದಿಲ್ಲದೆ ಬಂದು ಕೂಡುತ್ತದೆ. ಕರೆಂಟು ಹೋದದ್ದಕ್ಕೆ ಯಾರೂ ಏಳಬೇಕಾಗಿಲ್ಲ.

ಮೋಟಾರು ತಿರುಗುವಾಗ ಒಂದು ಫೇಸಿನ ಕರೆಂಟು ಮೂರು ಸೆಕೆಂಡು ಬಿದ್ದಿದ್ದರೆ ಮಾತ್ರ ಅಪ್ಪನ ಸ್ವಂತ ಚಾಟಿಗೆ ಹೋಗುತ್ತದೆ. ಅದಕ್ಕೆ ಅಪ್ಪ ಆರಿಸಿಕೊಟ್ಟ ಬೇರೆ ಸದ್ದು, ಬೇರೆ ಡಬ್ಬಿಯ ಬಿಲ್ಲೆ. ಕೂಡಲೇ ಒಂದು ಸಲ, ಒಂದು ನಿಮಿಷಕ್ಕೆ ಇನ್ನೊಂದು ಸಲ, ಮೂರನೆಯ ನಿಮಿಷಕ್ಕೆ ಕೊನೆಯ ಸಲ. ನೋಡಿದೆ ಎಂದು ಅಪ್ಪ ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ. ಮೋಟಾರು ನಿಲ್ಲಿಸಿದರೆ ಕ್ಲಾಂಪಿಗೆ ಅದು ತಿಳಿಯುತ್ತದೆ, ಬಾಟ್ ಸುಮ್ಮನಾಗುತ್ತದೆ.

ಇಷ್ಟಾದರೂ ಮೋಟಾರು ಕಾಯುವ ಕೆಲಸವನ್ನು ಫೋನಿಗೆ ಒಪ್ಪಿಸಬಾರದು ಎಂಬುದನ್ನು ಮೋಟಾರೇ ಕಲಿಸಿತ್ತು. ಶೆಡ್ಡಿನ ಬೋರ್ಡು, ವೈಫೈ, ಊರಿನ ಇಂಟರ್ನೆಟ್, ಅಪ್ಪನ ಫೋನಿನ ಚಾರ್ಜು, ಅಪ್ಪನ ನಿದ್ದೆ. ಇವುಗಳಲ್ಲಿ ಒಂದು ಕೊಂಡಿ ತಪ್ಪಿದರೂ ಮಾತು ಮುಟ್ಟುವುದಿಲ್ಲ. ನಿಲ್ಲಿಸುವ ಕೆಲಸ ಡಬ್ಬಿಯೊಳಗೇ ಆಗಬೇಕು. ರಿಲೇಯ ತಂತಿ ಬಿಚ್ಚಿಸೋಣ ಎಂದೆ.

"ಮತ್ತ ರಾತ್ರಿ ನಾಕ್ ಸಲ ಎದ್ದ್ ಹೋಗಲೇನು?" ಅಂದ ಅಪ್ಪ.

ಪ್ರಶ್ನೆ ಸರಿಯಾಗಿತ್ತು. ಅದು ಯಾಕೆ ಬೀಳುತ್ತಿತ್ತು ಎಂದು ಯಾರೂ ನೋಡಿರಲಿಲ್ಲ. ಎಲೆಕ್ಟ್ರಿಶಿಯನ್ ಬಂದು ಮೋಟಾರಿನ ಮೇಲಿನ ತಗಡು ಒರೆಸಿ ಓದಿದ. 7.5 ಆಂಪಿಯರ್. ರಿಲೇಯ ಮೇಲಿನ ಪುಟ್ಟ ಚಕ್ರ 6ರ ಮೇಲೆ ಕೂತಿತ್ತು. ಬೇಸಿಗೆಯ ರಾತ್ರಿ ಎಲ್ಲರ ಮೋಟಾರು ಒಟ್ಟಿಗೆ ಎಳೆದು ವೋಲ್ಟೇಜು ಇಳಿದಾಗ, ಅದೇ ನೀರು ಎತ್ತಲು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. 6ರ ಗಡಿ ದಿನಾ ದಾಟುತ್ತಿತ್ತು. ಸ್ಕ್ರೂಡ್ರೈವರಿನಿಂದ ಚಕ್ರವನ್ನು 7.5ಕ್ಕೆ ತಿರುಗಿಸಲು ಅರ್ಧ ನಿಮಿಷ ಹಿಡಿಯಿತು. ಜೊತೆಗೆ ಒಂದು ಸಿಂಗಲ್ ಫೇಸ್ ಪ್ರಿವೆಂಟರ್ ಕೂಡಿಸಿದ. ಮೂರು ವರ್ಷ ಕಟ್ಟಿದ್ದ ತುಂಡು ತಂತಿಯನ್ನು ಅಪ್ಪ ತಾನೇ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡ.

ಮೇ ತಿಂಗಳಲ್ಲಿ ರಾಮದುರ್ಗದ ಸೋದರಮಾವ ಮನೆಗೆ ಬಂದ. ಅವನ ಊರು ಮಲಪ್ರಭೆಯ ದಂಡೆಗಿದೆ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಅವರ ಕಡೆಗೇ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಅವನ ಮನೆಯ ಗೋಡೆಯೂ ಕೂತಿತ್ತು. ನನ್ನ ಡಬ್ಬಿ ನೋಡಿ, ಹೊಳೆಯ ದಂಡೆಗೂ ಇಂಥದೊಂದು ಹಾಕಿಕೊಡು ಎಂದ.

ನಾನು ಅವನನ್ನೇ ಕೇಳಿದೆ, ಆವತ್ತು ರಾತ್ರಿ ನಿನಗೆ ಸುದ್ದಿ ಹೇಗೆ ಬಂತು ಮಾವ ಎಂದು. "ಸುದ್ದಿಗೇನ್ ಬರಗಾಲ ಇರಲಿಲ್ಲವ್ವಾ" ಅಂದ. "ಮೂರ್ ದಿನದಿಂದ ಫೋನ್ ತುಂಬ ಅದ ಇತ್ತು. ಬಂತು ಬಂತು ಅಂತಿದ್ರು, ಬರತಿರಲಿಲ್ಲ. ನಾ ನೋಡೂದ ಬಿಟ್ಟಿದ್ದೆ. ಖರೇನ ಬಂದಾಗ ಬಾಜೂ ಮನಿಯವ ಬಂದು ಬಾಗಲಾ ಬಡದ."

ಅವನಿಗೆ ಡಬ್ಬಿ ಮಾಡಿಕೊಡಲಿಲ್ಲ. ಮೋಟಾರು ಸುಟ್ಟರೆ ಮತ್ತೆ ಸುತ್ತಿಸಬಹುದು, ಜೀವದ ಮಾತನ್ನು ನನ್ನ ಹಿತ್ತಲ ವೈಫೈಗೆ ನೇತುಹಾಕುವ ಧೈರ್ಯ ನನಗಿಲ್ಲ. ಆದರೆ ಹೊಳೆಗೆ ಮಾಡುವುದಾದರೆ ಮೊದಲು ಏನು ಮಾಡಬೇಕು ಎಂಬುದನ್ನು ವಿವರಿಸಿದೆ. ನೀರಿನ ಮಟ್ಟ ಒಂದೇ ಗೆರೆಗೆ ಎಚ್ಚರಿಕೆ ಇಟ್ಟರೆ, ತೆರೆ ಆ ಗೆರೆಯನ್ನು ಹತ್ತಿ ಇಳಿದಾಗಲೆಲ್ಲ ಅದು ಕೂಗುತ್ತದೆ. ಎರಡು ಗೆರೆ ಬೇಕು. ಮೇಲಿನ ಗೆರೆ ಮುಟ್ಟಿದಾಗ ಒಮ್ಮೆ ಕೂಗಬೇಕು, ಒಂದು ಗೇಣು ಕೆಳಗಿನ ಗೆರೆಗೆ ಇಳಿಯುವವರೆಗೆ ಮತ್ತೆ ಬಾಯಿ ತೆರೆಯಬಾರದು. ಮಾವ ತಲೆ ಅಲ್ಲಾಡಿಸಿದ. "ಬಾಜೂ ಮನಿಯವನೂ ಹಂಗ. ಒಮ್ಮೆ ಬಡದ, ಎಬ್ಬಿಸಿದ, ಹೋದ."

ಜೂನ್ ಮೊದಲ ವಾರ ರೋಹಿಣಿ ಮಳೆಯ ಗಾಳಿ ಬಂತು. ನಾನು ಧಾರವಾಡದಲ್ಲಿದ್ದೆ. ಗ್ರೂಪಿನಲ್ಲಿ ಎರಡೇ ಸಂದೇಶ. ಕರೆಂಟು ಬಂದು ಬಂದು ಹೋಗುತ್ತಿದೆ ಎಂಬುದೊಂದು. ಇಪ್ಪತ್ತೈದು ನಿಮಿಷ ಬಿಟ್ಟು, ಈಗ ಇಲ್ಲ, ನಡುವೆ 61 ಸಲ ಬಂದು ಹೋಗಿದೆ ಎಂಬುದೊಂದು. ಅಪ್ಪನಿಗೆ ಫೋನು ಮಾಡಿ, ಸದ್ದು ಕೇಳಿತಾ ಎಂದೆ.

"ಕೇಳಿತು" ಅಂದ. "ಸದ್ದು ಹಚ್ಚೇ ಇಟ್ಟೇನಿ. ಈಗ ಅದು ಒಮ್ಮೆ ಮಾತಾಡಿದ್ರ ಏನೋ ಇರ್ತೈತಿ ಅಂತ ನಂಬಿಗಿ ಬಂದೈತಿ."

ರಿಲೇಗೆ ಕಟ್ಟಿದ್ದ ಆ ತುಂಡು ತಂತಿ ಈಗ ನನ್ನ ಹಾಸ್ಟೆಲಿನ ಮೇಜಿನ ಮೇಲಿದೆ. ಹೊಸದೊಂದು ಎಚ್ಚರಿಕೆ ಬರೆಯುವಾಗಲೆಲ್ಲ ಅದರ ಕಡೆ ನೋಡುತ್ತೇನೆ. ಇದನ್ನು ಅಪ್ಪ ಎಷ್ಟು ರಾತ್ರಿ ಸಹಿಸಿಕೊಂಡಾನು ಎಂದು ಎಣಿಸುತ್ತೇನೆ.